ಕರಾರಿನಾಗ ‘ಅಪ್ರೂವಲ್’ ಅನ್ನೋ ಶಬ್ದ ಎಷ್ಟು ಸಲ ಬಂದೈತಿ, ಎಣಿಸಿ ನೋಡ್ರಿ

ಈ ಸಲ ಬೆಳಿ ಬಗ್ಗೆ ಅಲ್ಲ, ಕಾಗದದ ಬಗ್ಗೆ ಬರೀತೀನಿ. ಉದ್ದ ಐತಿ, ಸಂಜಿಮುಂದ ಕುಂತು ಓದ್ರಿ.

ಹೆಬ್ಬಳ್ಳಿ ಸುತ್ತಮುತ್ತ ಹೊಲದ ವಿಡಿಯೊ ಮಾಡಿ ಹಾಕೋರು ಈಗ ಭಾಳ ಮಂದಿ ಆಗ್ಯಾರ. ಹತ್ತು ಹದಿನೈದು ಸಾವಿರ ಮಂದಿ ನೋಡಾಕ ಚಾಲೂ ಮಾಡಿದ್ರ ಸಾಕು, ಗೊಬ್ಬರದವರು, ಬೀಜದವರು, ಡ್ರಿಪ್ ಪೈಪಿನವರು, ಇಲ್ಲಾ ಅವರ ಪರವಾಗಿ ಯಾವುದರ ಏಜೆನ್ಸಿಯವರು ಫೋನ್ ಮಾಡ್ತಾರ. “ನಿಮ್ಮ ಹೊಲದಾಗ ನಮ್ಮ ಮಾಲು ತೋರಸ್ರಿ, ಇಷ್ಟು ರೊಕ್ಕ ಕೊಡ್ತೀವಿ” ಅಂತಾರ. ಮಾತು ಮುಗಿದ ಎರಡು ದಿನಕ್ಕ ಒಂಬತ್ತು ಪುಟದ ಇಂಗ್ಲಿಷ್ ಪಿಡಿಎಫ್ ಬರ್ತೈತಿ. “ಎಲ್ಲಾರಿಗೂ ಒಂದ ನಮೂನಿ ಕರಾರು ಸರ್, ಸಹಿ ಮಾಡಿ ಕಳಸ್ರಿ.” ಎಲ್ಲಾರಿಗೂ ಒಂದ ನಮೂನಿ ಅನ್ನೋದು ಖರೆ ಇರಬಹುದು. ಆದ್ರ ಅದನ್ನ ಬರೆದವರು ಊಟದ ಹೋಟೆಲ್, ಮೊಬೈಲ್, ಬಟ್ಟೆ ತೋರಿಸೋ ಮಂದಿಗೆ ಅಂತ ಬರೆದಿರ್ತಾರ. ಮೊಬೈಲ್ ವಿಡಿಯೊ ಚಲೋ ಬರಲಿಲ್ಲಂದ್ರ ನಾಳೆ ಮತ್ತ ತೆಗೀಬಹುದು. ಕಡ್ಲಿ ಹೂವ ನಾಳೆ ಇರಂಗಿಲ್ಲ.

ಇಂಥಾ ಕರಾರು ಬಂದ ಕೂಡ್ಲೆ ಎಲ್ಲಾರೂ ಮೊದಲು ನೋಡೋದು ರೊಕ್ಕದ ಅಂಕಿ. ನನ್ನ ಅಭಿಪ್ರಾಯ ಏನಂದ್ರ, ಅದನ್ನ ಕಡೀಕ ನೋಡಬೇಕು. ಮೊದಲು ನೋಡಬೇಕಾದ್ದು ಒಂದ ಪ್ರಶ್ನೆ: ಈ ಕೆಲಸ ಮುಗೀತು ಅಂತ ಹೇಳೋ ಅಧಿಕಾರ ಯಾರ ಕೈಯಾಗ ಐತಿ? ಬಾಕಿ ಎಲ್ಲಾ ಸಾಲು ಆ ಪ್ರಶ್ನೆಗೆ ಜೋತು ಬಿದ್ದಿರ್ತಾವ. ರಾಣೆಬೆನ್ನೂರು ಕಡೆ ಹತ್ತಿ ಬೀಜೋತ್ಪಾದನೆ ಮಾಡಿದವರಿಗೆ ಇದು ಗೊತ್ತು. ಮಾಲು ಕೊಟ್ಟ ದಿನ ರೊಕ್ಕ ಪೂರಾ ಬರಂಗಿಲ್ಲ, ಬೀಜ ಪಾಸ್ ಆತು ಅಂತ ಪರೀಕ್ಷೆ ಹೇಳಿದ ಮ್ಯಾಲೆ ಬರ್ತೈತಿ. ವಿಡಿಯೊ ಕರಾರಿನಾಗೂ ಅದ ಕಥಿ, ಪರೀಕ್ಷೆ ಅನ್ನೋ ಜಾಗದಾಗ ‘ಅಪ್ರೂವಲ್’ ಅಂತ ಬರೆದಿರ್ತಾರ ಅಷ್ಟ.

ಹಿಂಗಾರಿ ಮುಂಚೆ ನನಗ ಬಂದ ಒಂದು ಕರಾರನ್ನ ಮುಂದ ಇಟ್ಟುಕೊಂಡು ಹೇಳ್ತೀನಿ. ಕಂಪನಿ ಹೆಸರು ಬ್ಯಾಡ, ಏಜೆನ್ಸಿ ಹೆಸರೂ ಬ್ಯಾಡ. ಮಾಲು ಏನಂದ್ರ ಕಡ್ಲಿಗೆ ಎಲಿ ಮ್ಯಾಲೆ ಸಿಂಪಡಿಸೋ ಒಂದು ಪೋಷಕ ಪುಡಿ. ಒಟ್ಟು ರೊಕ್ಕ 60,000. ನಾನು ಪಿಡಿಎಫ್ ಪ್ರಿಂಟ್ ತೆಗೆಸಿ, ಅಪ್ರೂವಲ್ ಅನ್ನೋ ಶಬ್ದ ಬಂದಲ್ಲೆಲ್ಲಾ ಕೆಂಪು ಪೆನ್ನಿನಿಂದ ಗುಂಡಗ ಮಾಡಿದೆ. ಹನ್ನೊಂದು ಕಡೆ ಬಂತು. ಹನ್ನೊಂದರಾಗ ಒಂದು ಕಡೆನೂ ಎಷ್ಟು ದಿನದಾಗ ಅಪ್ರೂವಲ್ ಕೊಡಬೇಕು, ಕೊಡದಿದ್ರ ಏನು ಅಂತ ಬರೆದಿರಲಿಲ್ಲ.

ಮೊದಲನೇದು, ನಾವು ಏನು ಮಾಡಿ ಕೊಡಬೇಕು ಅನ್ನೋದು. ಇದು ಕರಾರಿನ ಮುಂದಿನ ಪುಟದಾಗ ಇರಂಗಿಲ್ಲ, ಹಿಂದ ‘ಅನೆಕ್ಷರ್’ ಅಂತ ಒಂದು ಹಾಳಿ ಇರ್ತೈತಿ, ಅದರಾಗ ಇರ್ತೈತಿ. ನನ್ನ ಹಾಳಿಯಾಗ ಹಿಂಗಿತ್ತು: ದೊಡ್ಡ ವಿಡಿಯೊ ನಾಕು, ಸಣ್ಣ ವಿಡಿಯೊ ಎಂಟು, “ಮತ್ತು ಬ್ರ್ಯಾಂಡ್ ಕೇಳಿದ ಪ್ರಕಾರ ಸಂಬಂಧಪಟ್ಟ ಪೋಸ್ಟುಗಳು”. ನಾಕು, ಎಂಟು ಅನ್ನೋದು ಅಂಕಿ, ಅದಕ್ಕ ಲೆಕ್ಕ ಐತಿ. “ಕೇಳಿದ ಪ್ರಕಾರ” ಅನ್ನೋದಕ್ಕ ಲೆಕ್ಕ ಇಲ್ಲ. ಅದನ್ನ ತೆಗಿಸಿ “ಫೋಟೊ ಪೋಸ್ಟ್ ಎರಡು” ಅಂತ ಬರಸಿದೆ. ಹಂಗ ಮುಂದಿನ ಪುಟದಾಗ ಇನ್ನೊಂದು ಸಾಲು ಇತ್ತು: ಅನೆಕ್ಷರಿಗೂ ಮುಖ್ಯ ಕರಾರಿಗೂ ತಾಳಿ ಆಗದಿದ್ರ ಮುಖ್ಯ ಕರಾರು ನಡೀತೈತಿ ಅಂತ. ಹಂಗಾದ್ರ ನೀವು ಅನೆಕ್ಷರಿನಾಗ ಎಷ್ಟು ತಿದ್ದಿಸಿದ್ರೂ ಮುಂದಿನ ಪುಟದ ಒಂದು ಸಾಲು ಅದನ್ನ ನುಂಗಿಬಿಡ್ತೈತಿ. ಈ ಸಾಲು ತಿರಗಾಮುರಗಾ ಮಾಡಸ್ರಿ, ವ್ಯವಹಾರದ ವಿಷಯಕ್ಕ ಅನೆಕ್ಷರ್ ನಡೀಬೇಕು ಅಂತ. ಅವರು ಸುಮ್ನ ಒಪ್ಪಿದ್ರು, ಅವರಿಗೂ ಅದು ದೊಡ್ಡ ವಿಷಯ ಅಲ್ಲ.

ನಮ್ಮ ಕೆಲಸದಾಗ ಅಂಕಿಗಿಂತ ದೊಡ್ಡದು ತಾರೀಕು. ಅವರ ಹಾಳಿಯಾಗ ನವೆಂಬರ್ 10ಕ್ಕ ಒಂದು, ಡಿಸೆಂಬರ್ 10ಕ್ಕ ಒಂದು ಅಂತ ಕ್ಯಾಲೆಂಡರ್ ನೋಡಿ ಬರೆದಿದ್ರು. ನಮ್ಮ ಎರಿ ಹೊಲದಾಗ ಕಡ್ಲಿ ಬಿತ್ತೋದು ಮಳಿ ಮ್ಯಾಲೆ. ಅಕ್ಟೋಬರ್ ಮೊದಲನೇ ವಾರ ಹದ ಸಿಕ್ರ ಆವಾಗ, ಮಳಿ ಜಡಿ ಹಿಡೀತು ಅಂದ್ರ ತಿಂಗಳ ಕಡೀಕ. ಹದಿನೈದು ಇಪ್ಪತ್ತು ದಿನ ಹಿಂದ ಮುಂದ ಆಗೋದು ಹೊಸದೇನಲ್ಲ. ಅದಕ್ಕ ತಾರೀಕು ತೆಗಿಸಿ ಬೆಳಿ ಹಂತ ಬರಸಿದೆ: ಬಿತ್ತಿದಾಗ ಒಂದು, ಕುಡಿ ಚಿವುಟಿದ ಮ್ಯಾಲೆ ಮೊಗ್ಗಿ ಬರೋ ಮುಂದ ಸಿಂಪಡಿಸೋದು ಒಂದು, ಕಾಯಿ ತುಂಬಿದಾಗ ಒಂದು, ರಾಶಿ ಮಾಡಿದಾಗ ಒಂದು. ಪ್ರತಿ ಹಂತ ಆಗಿ ಏಳು ದಿನದಾಗ ವಿಡಿಯೊ ಕೊಡ್ತೀನಿ ಅಂತ. ತಾರೀಕು ಹಂಗ ಬಿಟ್ಟಿದ್ರ, ಮಳಿ ತಡ ಆದ ವರ್ಷ ನಾನು ಏನೂ ತಪ್ಪು ಮಾಡದ ಕರಾರು ಮುರದಂಗ ಆಗ್ತಿತ್ತು.

ಇನ್ನೊಂದು ಸಾಲು ನಾನ ಹೇಳಿ ಸೇರಿಸಿದ್ದು. ಹೊಲದ ನಡು ಆರು ಸಾಲು ಪುಡಿ ಸಿಂಪಡಿಸದ ಬಿಡ್ತೀನಿ, ರಾಶಿ ವಿಡಿಯೊದಾಗ ಎರಡೂ ಕಡೆದು ತೂಕ ತೋರಸ್ತೀನಿ ಅಂತ. ಇದಕ್ಕ ಏಜೆನ್ಸಿ ಹುಡುಗಿ ಸ್ವಲ್ಪ ಹಿಂದಮುಂದ ನೋಡಿದ್ಲು. “ಸರ್, ಫರಕ್ ಕಾಣಲಿಲ್ಲಂದ್ರ?” ಅಂದ್ಲು. “ಕಾಣಲಿಲ್ಲಂದ್ರ ಕಾಣಲಿಲ್ಲ ಅಂತ ತೋರಸೋದವ್ವಾ” ಅಂದೆ. ಮೂರು ದಿನ ಬಿಟ್ಟು ಒಪ್ಪಿದ್ರು. ಒಪ್ಪದಿದ್ರ ನಾನು ಅಲ್ಲೇ ಬಿಡಾವ ಇದ್ದೆ. ಸಿಂಪಡಿಸದ ಸಾಲು ಇಲ್ಲದ ‘ಫರಕ್’ ಅನ್ನೋ ಶಬ್ದ ಬಳಸೋದು ನಮ್ಮ ಕೆಲಸ ಅಲ್ಲ.

ಈಗ ತಿದ್ದುಪಡಿ ವಿಷಯ, ಅವರು ‘ರಿವಿಜನ್’ ಅಂತಾರ. ನನ್ನ ಕರಾರಿನಾಗ “ಬ್ರ್ಯಾಂಡಿಗೆ ಸಮಾಧಾನ ಆಗೋತನಕ” ಅಂತ ಇತ್ತು. ಸಮಾಧಾನಕ್ಕ ಅಳತಿ ಇಲ್ಲರಿ. ಅಡತಿ ಅಂಗಡಿಯಾಗ ಉಳ್ಳಾಗಡ್ಡಿ ತೂಗಿ ಪಟ್ಟಿ ಬರೆದ ಮ್ಯಾಲೆ, ಖರೀದಿದಾರನ ಮನಸ್ಸಿಗೆ ಬರೋತನಕ ಮತ್ತ ಆರಿಸಿ ಕೊಡ್ರಿ ಅಂದ್ರ ಯಾರರ ಒಪ್ತಾರೇನು? ಎರಡು ಸಲ ಅಂತ ಅಂಕಿ ಹಾಕಿಸ್ರಿ. ಅಂಕಿ ಹಾಕಿದ್ರೂ ಸಾಲದು, ಯಾವುದು ತಿದ್ದುಪಡಿ, ಯಾವುದು ಹೊಸ ಕೆಲಸ ಅಂತ ಬ್ಯಾರೆ ಮಾಡಬೇಕು. ಹಾಡು ಬದಲ ಮಾಡ್ರಿ, ಹೆಸರಿನ ಅಕ್ಷರ ತಿದ್ದ್ರಿ, ಎರಡು ನಿಮಿಷ ಕತ್ತರಿಸ್ರಿ, ಅಳತಿ ತಪ್ಪು ಹೇಳೀರಿ ಅಷ್ಟು ಮತ್ತ ಮಾತಾಡಿ ಸೇರಿಸ್ರಿ, ಇವೆಲ್ಲಾ ತಿದ್ದುಪಡಿ. “ಸಿಂಪಡಿಸೋದನ್ನ ಮತ್ತ ಶೂಟ್ ಮಾಡ್ರಿ” ಅನ್ನೋದು ತಿದ್ದುಪಡಿ ಅಲ್ಲ. ಆ ಹಂತ ಹೊಲದಾಗ ಮುಗಿದು ಹೋಗಿರ್ತೈತಿ. ಮೊಗ್ಗಿ ಹೂವಾಗಿ, ಹೂವ ಕಾಯಾಗಿರ್ತೈತಿ. ಬ್ಯಾರೆಯವರ ಹೊಲಕ್ಕ ಹೋಗಿ ನಮ್ಮದ ಅಂತ ತೋರಿಸೋದು ಒಂದ ದಾರಿ ಉಳೀತೈತಿ, ಅದನ್ನ ಮಾಡಬಾರದು. ಅದಕ್ಕ “ಬೆಳಿ ಹಂತ ದಾಟಿದ ದೃಶ್ಯ ಮತ್ತ ತೆಗೆಯೋದು ಇಲ್ಲ” ಅಂತ ಒಂದು ಸಾಲು ಹಾಕಿಸಿದೆ. ಅದರ ಬದಲಿ ಶೂಟಿಂಗ್ ಮುಂಚೆ ಏನೇನು ತೆಗೀಬೇಕು ಅಂತ ಅವರ ಬರೆದು ಕೊಡಲಿ, ನಾನು ಅದರ ಪ್ರಕಾರ ತೆಗೀತೀನಿ ಅಂದೆ. ಇದು ಇಬ್ಬರಿಗೂ ಅನುಕೂಲ.

ತಿದ್ದುಪಡಿಯಾಗ ಇನ್ನೊಂದು ಹೊಂಡ ಐತಿ, ಇದು ಕಾನೂನಿನದು. ಎರಡನೇ ಸುತ್ತಿನಾಗ ಮೆಲ್ಲಕ ಬರ್ತೈತಿ: “ಇಳುವರಿ 30 ಪರ್ಸೆಂಟ್ ಹೆಚ್ಚು ಅಂತ ಒಂದು ಮಾತು ಸೇರಿಸ್ರಿ”, ಇಲ್ಲಾ “ಪ್ರಾಯೋಜಿತ ಅಂತ ಹಾಕಿರಲ್ಲ, ಅದನ್ನ ಸಣ್ಣಕ್ಕ ಮಾಡ್ರಿ”. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 21ನೇ ಕಲಮಿನಾಗ ಸುಳ್ಳು ಜಾಹೀರಾತಿಗೆ ಕಂಪನಿಗಷ್ಟ ಅಲ್ಲ, ಅದನ್ನ ಚಲೋ ಐತಿ ಅಂತ ಹೇಳಿದವರಿಗೂ ದಂಡ ಐತಿ. ಮೊದಲನೇ ಸಲ 10 ಲಕ್ಷದವರೆಗೆ, ಮತ್ತ ಮಾಡಿದ್ರ 50 ಲಕ್ಷದವರೆಗೆ. ರೈತ ಬೀಜ ಕೊಂಡ್ರ ಗ್ರಾಹಕ ಹೌದು ಅಂತ ಸುಪ್ರೀಂ ಕೋರ್ಟ್ 2012ರಾಗ ಹೇಳೈತಿ. ಹೇಳೋ ಮಾತು ಖರೆ ಐತೋ ಇಲ್ಲೋ ಅಂತ ತಕ್ಕಷ್ಟು ಪರೀಕ್ಷೆ ಮಾಡಿ ಹೇಳಿದವರಿಗೆ ಅದ ಕಲಮಿನಾಗ ರಕ್ಷಣೆನೂ ಐತಿ. ಹಂಗಾಗಿ ಮಾಲಿನ ನೋಂದಣಿ ಕಾಗದ, ಪ್ರಯೋಗದ ವರದಿ ಕೇಳಿ ಇಸ್ಕೊಂಡು ಇಟ್ಟುಕೊಳ್ರಿ. ಕರಾರಿನಾಗ “ನನ್ನ ಹೊಲದಾಗ ಕಂಡಿದ್ದನ್ನ ಬಿಟ್ಟು ಬ್ಯಾರೆ ಅಂಕಿ ಹೇಳಾಕ ಒತ್ತಾಯ ಇಲ್ಲ, ಹಂಗ ಹೇಳಲಿಲ್ಲ ಅಂತ ವಿಡಿಯೊ ತಿರಸ್ಕಾರ ಮಾಡಂಗಿಲ್ಲ” ಅಂತ ಬರಸ್ರಿ. ಕಡೀ ಅರ್ಧ ಮುಖ್ಯ. ಒತ್ತಾಯ ಇಲ್ಲ ಅಂತ ಬರೆದು, ಅಪ್ರೂವಲ್ ಮಾತ್ರ ಕೊಡದ ಕುಂತ್ರ ಒತ್ತಾಯ ಮಾಡಿದಂಗ ಆತು.

ಇಲ್ಲಿಂದ ರೊಕ್ಕಕ್ಕ ಬರೂಣು. ಕರಾರಿನಾಗ ಇದ್ದದ್ದು: ಸಹಿ ಮಾಡಿದಾಗ 10 ಪರ್ಸೆಂಟ್ ಅಂದ್ರ 6,000. ಉಳಿದ 54,000 “ಎಲ್ಲಾ ವಿಡಿಯೊಗಳಿಗೆ ಕೊನೆಯ ಅಪ್ರೂವಲ್ ಆಗಿ, ಇನ್‌ವಾಯ್ಸ್ ಬಂದು 60 ದಿನದ ಒಳಗೆ, ಬ್ರ್ಯಾಂಡಿನಿಂದ ಏಜೆನ್ಸಿಗೆ ಹಣ ಬಂದ ನಂತರ”. 60 ದಿನ ಅನ್ನೋದನ್ನ ಓದಿ ಎರಡು ತಿಂಗಳು ಅಂತ ತಿಳ್ಕೊಂಡ್ರ ಅದು ಲೆಕ್ಕ ಅಲ್ಲ. ದಿನ ಹಾಕಿ ನೋಡೂಣು. ಅಕ್ಟೋಬರ್ 15ಕ್ಕ ಬಿತ್ತಿ ಮೊದಲನೇ ವಿಡಿಯೊ ಮಾಡಿದೆ ಅನ್ರಿ. ರಾಶಿ ವಿಡಿಯೊ ಫೆಬ್ರುವರಿ 5ಕ್ಕ ಕೊಟ್ಟೆ. ಅವರು ನೋಡಾಕ ಎರಡು ವಾರ ತಗೊಂಡ್ರು, ಫೆಬ್ರುವರಿ 19. ತಿದ್ದ್ರಿ ಅಂದ್ರು, ನಾನು ಒಂದು ವಾರದಾಗ ತಿದ್ದಿ 26ಕ್ಕ ಕೊಟ್ಟೆ. ಮತ್ತ ಎರಡು ವಾರ, ಮಾರ್ಚ್ 12ಕ್ಕ ಅಪ್ರೂವಲ್ ಬಂತು. ಅವತ್ತ ಇನ್‌ವಾಯ್ಸ್ ಕಳಿಸಿದ್ರೂ 60 ದಿನ ಅಂದ್ರ ಮೇ 11. ಅಕ್ಟೋಬರಿನಾಗ ಮಾಡಿದ ಕೆಲಸದ ರೊಕ್ಕ ಮುಂದಿನ ಮುಂಗಾರಿ ಹೆಸರು ಬಿತ್ತೋ ಹೊತ್ತಿಗೆ. ಅದೂ ಅವರು ಭಾಳ ಚಲೋ ಮಂದಿ ಆಗಿದ್ರ. ನಾಕನೇ ವಿಡಿಯೊಕ್ಕ ಒಂದು ತಕರಾರು ತೆಗೆದ್ರ ಮೊದಲಿನ ಮೂರರದೂ ರೊಕ್ಕ ನಿಂತಂಗ, ಯಾಕಂದ್ರ “ಎಲ್ಲಾ ವಿಡಿಯೊಗಳಿಗೆ” ಅಂತ ಐತಿ. ಮತ್ತ ಬ್ರ್ಯಾಂಡಿನವರು ಏಜೆನ್ಸಿಗೆ ಕೊಡದಿದ್ರ ಮೇ 11ನೂ ಇಲ್ಲ. ಅವರಿಬ್ಬರ ನಡುವಿನ ಉದ್ರಿ ನನ್ನ ತಲಿ ಮ್ಯಾಲೆ ಯಾಕ? ಆ ಅರ್ಧ ಸಾಲನ್ನ ಪೂರಾ ಹೊಡಿಸಿದೆ.

ಬದಲಿ ನಾನು ಕೇಳಿದ್ದು ಹಿಂಗ. ಸಹಿ ಮಾಡಿದಾಗ 30 ಪರ್ಸೆಂಟ್, 18,000. ಸಿಂಪಡಿಸೋ ವಿಡಿಯೊ ಕೊಟ್ಟ ಮ್ಯಾಲೆ ಇನ್ನೊಂದು 18,000. ರಾಶಿ ವಿಡಿಯೊ ಆಗಿ 30 ದಿನದಾಗ 24,000. ಮತ್ತ ಎಲ್ಲಾಕ್ಕಿಂತ ಬೇಕಾದ ಸಾಲು: ವಿಡಿಯೊ ಕೊಟ್ಟು ಐದು ಕೆಲಸದ ದಿನದಾಗ ಬರವಣಿಗೆಯಲ್ಲಿ ತಕರಾರು ಬರದಿದ್ರ ಅದು ಅಪ್ರೂವ್ ಆದಂಗ. ಈ ಒಂದು ಸಾಲು ಬಂದ್ರ ಆ ಹನ್ನೊಂದು ಕೆಂಪು ಗುಂಡಕ್ಕೂ ಒಂದು ಕೊನಿ ಸಿಗ್ತೈತಿ.

ಇದು ನಾನ ಹುಟ್ಟಿಸಿದ ಮಾತಲ್ಲ. ಸಣ್ಣ ಉದ್ದಿಮೆಗಳ 2006ರ ಎಂಎಸ್‌ಎಂಇಡಿ ಕಾಯ್ದೆಯಾಗ ಇದ ತತ್ವ ಐತಿ. ಸೇವೆ ಕೊಟ್ಟ 15 ದಿನದಾಗ ಕೊಂಡವರು ಬರೆದು ತಕರಾರು ಹೇಳದಿದ್ರ, ಕೊಟ್ಟ ದಿನನ ಒಪ್ಪಿಕೊಂಡಂಗ ಅಂತ ಲೆಕ್ಕ. ಅಲ್ಲಿಂದ ಕರಾರಿನಾಗ ಏನ ಬರೆದಿದ್ರೂ 45 ದಿನ ಮೀರಂಗಿಲ್ಲ. ಮೀರಿದ್ರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ತಿಂಗಳ ಚಕ್ರಬಡ್ಡಿ. ಆದ್ರ ಇದು ಸಿಗಬೇಕಂದ್ರ ಉದ್ಯಮ್ ನೋಂದಣಿ ಇರಬೇಕು. ಬರೇ ಒಕ್ಕಲುತನಕ್ಕ ಆ ನೋಂದಣಿ ಕೊಡಂಗಿಲ್ಲ, ವಿಡಿಯೊ ಮಾಡೋದು ಜಾಹೀರಾತು ಸೇವೆ ಅಂತ ಮಾಡಿಸಬೇಕು. ಸರ್ಕಾರದ ಪೋರ್ಟಲ್‌ನಾಗ ಪುಕ್ಕಟೆ ಆಗ್ತೈತಿ, ರೊಕ್ಕ ಕೇಳೋ ನಡುವಿನ ವೆಬ್‌ಸೈಟಿಗೆ ಹೋಗಬ್ಯಾಡ್ರಿ. ಕರಾರಿಗೆ ಸಹಿ ಹಾಕೋಕಿಂತ ಮುಂಚೆ ಮಾಡಿಸಿ, ನಂಬರನ್ನ ಕರಾರಿನಾಗೂ ಇನ್‌ವಾಯ್ಸಿನಾಗೂ ಬರೀರಿ. ರೊಕ್ಕ ಬರದಿದ್ರ ದೂರು ಕೊಡಾಕ ಫೆಸಿಲಿಟೇಶನ್ ಕೌನ್ಸಿಲ್ ಅಂತ ಐತಿ. ದೊಡ್ಡ ಕಂಪನಿಯವರಿಗೆ ಈ 45 ದಿನದ ಮಾತು ಗೊತ್ತು, ನಂಬರ್ ನೋಡಿದ್ರ ಅವರ ಅಕೌಂಟ್ಸ್‌ನವರ ಎಚ್ಚರ ಆಗ್ತಾರ.

ತೆರಿಗೆ ಮಾತು ಒಂದೆರಡು ಸಾಲಿನಾಗ ಮುಗಸ್ತೀನಿ. ಹೊಲದಾಗ ಶೂಟ್ ಮಾಡಿದ್ರೂ ಇದು ಕೃಷಿ ಆದಾಯ ಅಲ್ಲ, ಟಿಡಿಎಸ್ ಮುರಕೊಂಡ ಕೊಡ್ತಾರ, ಅದು ನಿಮ್ಮ ಪ್ಯಾನ್‌ಗೆ ಜಮಾ ಆಗೇತೋ ಇಲ್ಲೋ ನೋಡ್ಕೊಳ್ರಿ. ರೊಕ್ಕದ ಬದಲಿ ಪಂಪು, ಯಂತ್ರ ಕೊಟ್ರ ಅದಕ್ಕೂ ಲೆಕ್ಕ ಐತಿ. 2022ರ ಜುಲೈ 1ರಿಂದ, ವರ್ಷಕ್ಕ 20,000 ಮೀರಿದ ಇಂಥಾ ಕೊಡುಗೆ ಮ್ಯಾಲೆ ಕೊಟ್ಟವರು 10 ಪರ್ಸೆಂಟ್ ತೆರಿಗೆ ತುಂಬಿಸಬೇಕು. ತೋರಿಸಿ ತಿರುಗಿ ಕೊಟ್ಟ ಯಂತ್ರಕ್ಕ ಇದು ಇಲ್ಲ, ಇಟ್ಟುಕೊಂಡ್ರ ಐತಿ. ಹಂಗಾಗಿ “ಪಂಪ್ ಪುಕ್ಕಟೆ” ಅಂದಾಗ ಇಟ್ಟುಕೊಳ್ಳೋದೋ ತಿರುಗಿ ಕೊಡೋದೋ ಅಂತ ಕರಾರಿನಾಗ ಬರೆದಿರಲಿ.

ಇನ್ನು ‘ಎಕ್ಸ್‌ಕ್ಲೂಸಿವ್’ ಸಾಲು. ನನಗ ಇದು ಎಲ್ಲಾಕ್ಕಿಂತ ಕೆಟ್ಟದು ಅನಸ್ತೈತಿ, ಯಾಕಂದ್ರ ಇದು ನನಗಷ್ಟ ಅಲ್ಲ, ನಿಮಗೂ ತಟ್ಟತೈತಿ. ಕರಾರಿನಾಗ ಬರೆದದ್ದು: 12 ತಿಂಗಳು, “ಯಾವುದೇ ಕೃಷಿ ಪರಿಕರ ವರ್ಗದಲ್ಲಿ”, ಬ್ಯಾರೆಯವರ ಮಾಲನ್ನ “ರೊಕ್ಕ ತಗೊಂಡಾಗಲಿ ತಗೊಳ್ಳದಾಗಲಿ ತೋರಿಸೋದು, ಹೆಸರಿಸೋದು, ಅಭಿಪ್ರಾಯ ಹೇಳೋದು” ಮಾಡಬಾರದು. ಕೃಷಿ ಪರಿಕರ ಅಂದ್ರ ಏನೇನು ಬಂತು? ಬೀಜ, ಗೊಬ್ಬರ, ಎಣ್ಣಿ, ಪಂಪು, ಪೈಪು, ಕೂರಿಗಿನೂ ಬಂತು. ರೊಕ್ಕ ತಗೊಳ್ಳದಾಗಲಿ ಅಂದ್ರ, ನೀವು ಯಾರರ ಕಮೆಂಟಿನಾಗ “ಅಣ್ಣಾ, ರಾಯಚೂರು ಕೃಷಿ ವಿವಿಯ ಪಲ್ಸ್ ಮ್ಯಾಜಿಕ್ ಹೊಡೀಬಹುದೇನು?” ಅಂತ ಕೇಳಿದ್ರ ನಾನು ಹೌದು ಅನ್ನಂಗಿಲ್ಲ, ಅಲ್ಲ ಅನ್ನಂಗಿಲ್ಲ. ಜೆಜಿ-11 ಬಿತ್ತೀನಿ ಅಂತ ಚೀಲ ತೋರಸಂಗಿಲ್ಲ. ಧಾರವಾಡ ಕೃಷಿ ಮೇಳಕ್ಕ ಹೋಗಿ ಮಳಿಗಿ ಮುಂದ ನಿಂತು ವಿಡಿಯೊ ಮಾಡಂಗಿಲ್ಲ. 60,000ಕ್ಕ ಒಂದು ವರ್ಷ ಬಾಯಿ ಲಾವಣಿಗೆ ಕೊಟ್ಟಂಗ ಆತು, ತಿಂಗಳಿಗೆ 5,000.

ಕಾನೂನು ಏನಂತೈತಿ ಅಂದ್ರ, ಕರಾರು ನಡೀತಿರೋ ಕಾಲದಾಗ ಇಂಥಾ ಕಟ್ಟು ಸಾಮಾನ್ಯವಾಗಿ ನಡೀತೈತಿ. “ಇದು ಕೋರ್ಟಿನಾಗ ನಿಲ್ಲಂಗಿಲ್ಲ ಬಿಡು” ಅಂತ ಸಹಿ ಹಾಕಬ್ಯಾಡ್ರಿ. ನಿಲ್ಲದ್ದು ಯಾವುದಂದ್ರ ಕರಾರು ಮುಗಿದ ಮ್ಯಾಲಿನ ಕಟ್ಟು. ಇದಕ್ಕ ಕ್ರಿಕೆಟ್ ಆಟಗಾರ ಜಹೀರ್ ಖಾನ್ ಅವರ ಪ್ರಕರಣ ಐತಿ. ಅವರ ಜಾಹೀರಾತು ವ್ಯವಹಾರ ನೋಡ್ಕೋತಿದ್ದ ಪರ್ಸೆಪ್ಟ್ ಡಿಮಾರ್ಕ್ ಕಂಪನಿ ಜೋಡಿ 2000ದಾಗ ಮೂರು ವರ್ಷದ ಕರಾರು ಆಗಿತ್ತು. ಕರಾರು ಮುಗಿದ ಮ್ಯಾಲೂ ಬ್ಯಾರೆಯವರು ಕೊಟ್ಟ ಆಫರನ್ನ ಮೊದಲು ನಮಗ ತೋರಿಸಬೇಕು, ನಾವು ಅಷ್ಟ ಕೊಟ್ರ ನಮ್ಮ ಜೋಡಿನ ಇರಬೇಕು ಅನ್ನೋ ಸಾಲು ಅದರಾಗ ಇತ್ತು. ಸುಪ್ರೀಂ ಕೋರ್ಟ್ 2006ರಾಗ, 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ, ಅವಧಿ ಮುಗಿದ ಮ್ಯಾಲಿನ ಅಂಥಾ ಕಟ್ಟು ಅಸಿಂಧು ಅಂತ ಹೇಳ್ತು. ನನ್ನ ಕರಾರಿನಾಗೂ “ಮುಂದಿನ ಹಂಗಾಮಿಗೆ ಮೊದಲ ಹಕ್ಕು ನಮ್ಮದು” ಅಂತ ಒಂದು ಸಾಲು ಇತ್ತು. ಈ ಪ್ರಕರಣದ ಹೆಸರು ಬರೆದು ಮೇಲ್ ಮಾಡಿದೆ, ಮರುದಿನ ಆ ಸಾಲು ಹೋತು. ಕೋರ್ಟಿಗೆ ಹೋಗೋ ಪ್ರಶ್ನೆ ಅಲ್ಲ. ಕಾಗದದಾಗ ಉಳಿದ್ರ ಅದನ್ನ ತೋರಿಸಿ ಹೆದರಸ್ತಾರ, ಅದಕ್ಕ ಮೊದಲ ತೆಗೆಸೋದು.

ಅವಧಿ ಒಳಗಿನ ಕಟ್ಟನ್ನ ಮೂರು ಕಡೆ ಕತ್ತರಿಸಿದೆ. ವರ್ಗ: ಎಲ್ಲಾ ಪರಿಕರ ಅಲ್ಲ, ಕಡ್ಲಿಗೆ ಎಲಿ ಮ್ಯಾಲೆ ಸಿಂಪಡಿಸೋ ಪೋಷಕ ಮಾಲು ಮಾತ್ರ. ಕಾಲ: 12 ತಿಂಗಳಲ್ಲ, ಬಿತ್ತನಿಯಿಂದ ರಾಶಿತನಕ ಮತ್ತ ಒಂದು ತಿಂಗಳು. ಕೆಲಸ: ರೊಕ್ಕ ತಗೊಂಡು ಮಾಡೋ ಜಾಹೀರಾತು ಮಾತ್ರ, ರೈತರ ಪ್ರಶ್ನೆಗೆ ಉತ್ತರ ಹೇಳೋದು, ಕೃಷಿ ವಿವಿ ಶಿಫಾರಸು ಹಂಚಿಕೊಳ್ಳೋದು ಇದರಾಗ ಬರಂಗಿಲ್ಲ. ಮೊದಲಿನ ಎರಡು ಒಪ್ಪಿದ್ರು. ಮೂರನೇದಕ್ಕ ಜಗ್ಗಾಡಿದ್ರು. ನಾನು ಒಂದ ಮಾತು ಹೇಳಿದೆ: ಪೂರಾ ಬಾಯಿ ಮುಚ್ಚಬೇಕಂದ್ರ ಅದರ ಬೆಲೆ ಬ್ಯಾರೆ, ವಿಡಿಯೊದ ಬೆಲೆ ಬ್ಯಾರೆ, ಎರಡೂ ಬ್ಯಾರೆ ಬ್ಯಾರೆ ಬರೀರಿ. ಬ್ಯಾರೆ ಬೆಲೆ ಕಟ್ಟಬೇಕಂದಾಗ ಅವರಿಗೆ ಅದು ಅಷ್ಟು ಬೇಕಾಗಿರಲಿಲ್ಲ ಅಂತ ಗೊತ್ತಾತು. ಖರೆ ಹೇಳಬೇಕಂದ್ರ, ಈ ಸಾಲು ಬಿಟ್ಟುಕೊಡೋರು ಎಷ್ಟು ರೊಕ್ಕ ಬಂದ್ರೂ ಬಿಟ್ಟುಕೊಡಬಾರದು ಅನ್ನೋದು ನನ್ನ ವಿಚಾರ. ನಮ್ಮ ಪೇಜ್ ನೋಡೋದು ಬಾಜೂ ಹೊಲದವರು. ನಾಳೆ ಅವರ ಬದುವಿನ ಮ್ಯಾಲೆ ನಿಂತು ಮಾತಾಡೋದೈತಿ.

ಕಡೀದು, ಕರಾರು ಮುರಿಯೋ ಸಾಲು. ಇದ್ದದ್ದು: ಕಂಪನಿ ಯಾವ ಕಾರಣನೂ ಹೇಳದ ಏಳು ದಿನದ ನೋಟಿಸ್ ಕೊಟ್ಟು ಬಿಡಬಹುದು, “ಅಪ್ರೂವಲ್ ಆಗದ ಕೆಲಸಕ್ಕೆ ಏನೂ ಕೊಡಬೇಕಾಗಿಲ್ಲ”. ನಾನು ಬಿಟ್ರ ತಗೊಂಡದ್ದನ್ನೆಲ್ಲಾ ತಿರುಗಿ ಕೊಟ್ಟು, ಮ್ಯಾಲೆ ಒಟ್ಟು ರೊಕ್ಕದ ಎರಡು ಪಟ್ಟು ದಂಡ. ಇಲ್ಲಿ ನೋಡ್ರಿ ಆ ಶಬ್ದ ಮತ್ತ ಹೆಂಗ ಬಂತು. ಮೂರು ವಿಡಿಯೊ ಕೊಟ್ಟೀನಿ, ಅವರು ಅಪ್ರೂವಲ್ ಕೊಡದ ಕುಂತಾರ, ಜನವರಿಯಾಗ ನೋಟಿಸ್ ಕೊಟ್ಟು ಬಿಟ್ರು. ಮೂರರದೂ ಒಂದು ರೂಪಾಯಿ ಇಲ್ಲ. ಒಂದೊಂದ ಸಾಲು ಬಿಡಿಬಿಡಿಯಾಗಿ ಓದಿದ್ರ ಇದು ಕಾಣಂಗಿಲ್ಲ. ಅಪ್ರೂವಲ್ಲಿಗೆ ಕಾಲ ಇಲ್ಲ ಅನ್ನೋ ಸಾಲು ಮೂರನೇ ಪುಟದಾಗ, ರೊಕ್ಕದ ಸಾಲು ಐದರಾಗ, ಬಿಡೋ ಸಾಲು ಎಂಟರಾಗ. ಮೂರೂ ಕೂಡಿಸಿ ಓದಿದಾಗ ಮಾತ್ರ ಪುಕ್ಕಟೆ ಕೆಲಸದ ಕರಾರು ಅಂತ ಕಾಣತೈತಿ. ಎರಡು ಪಟ್ಟು ದಂಡ ಅಂತ ಬರೆದ್ರೂ, ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕೋರ್ಟ್ ಕೊಡೋದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಅಂಕಿ ಅದಕ್ಕ ಮ್ಯಾಲಿನ ಮಿತಿ. ಆದ್ರೂ ಅದನ್ನ ಹೊಡಿಸೋದ ಚಲೋ.

ನಾನು ಕೇಳಿದ್ದು: ಇಬ್ಬರಿಗೂ 15 ದಿನದ ನೋಟಿಸ್. ಕಂಪನಿ ಬಿಟ್ರ ಕೊಟ್ಟ ವಿಡಿಯೊಗಳ ಪೂರಾ ರೊಕ್ಕ, ಶೂಟ್ ಆಗಿ ಕೊಡಬೇಕಾದದ್ದಕ್ಕ ಅರ್ಧ. ಬಿಟ್ಟ ದಿನನ ಎಕ್ಸ್‌ಕ್ಲೂಸಿವ್ ಕಟ್ಟೂ ಬಿಚ್ಚಬೇಕು. ಈ ಕಡೀದನ್ನ ಮರೀಬ್ಯಾಡ್ರಿ. ಭಾಳ ಕರಾರಿನಾಗ ‘ಸರ್ವೈವಲ್’ ಅಂತ ಒಂದು ಸಾಲು ಇರ್ತೈತಿ, ಕರಾರು ಮುಗಿದ್ರೂ ಇಂತಿಂಥಾ ಕಲಮು ಜೀವಂತ ಅಂತ. ಅದರಾಗ ನಂಬರ್ ಅಷ್ಟ ಇರ್ತಾವ, “6, 9, 11” ಅಂತ. ಹಿಂದ ತಿರುಗಿ ಆ ನಂಬರಿನಾಗ ಏನೈತಿ ಅಂತ ನೋಡಬೇಕು. ನನ್ನದರಾಗ 6 ಅಂದ್ರ ಎಕ್ಸ್‌ಕ್ಲೂಸಿವ್. ರೊಕ್ಕ ಇಲ್ಲ, ಕರಾರಿಲ್ಲ, ಬಾಯಿ ಮಾತ್ರ ಮುಚ್ಚಿರಬೇಕು. 9 ಅಂದ್ರ ನನ್ನ ವಿಡಿಯೊ, ನನ್ನ ಮುಖ ಅವರು ಎಂದೆಂದಿಗೂ ಬಳಸಬಹುದು ಅನ್ನೋದು. ಇದಕ್ಕ ಒಂದು ವರ್ಷ, ಅವರ ಪೇಜಿನಾಗ ಮಾತ್ರ ಅಂತ ಮಿತಿ ಹಾಕಿಸಿದೆ. ಇಲ್ಲಾಂದ್ರ ಐದು ವರ್ಷ ಬಿಟ್ಟು, ಪುಡಿ ಬದಲಾಗಿದ್ರೂ, ಗೊಬ್ಬರದ ಅಂಗಡಿ ಬಾಗಿಲಿಗೆ ನನ್ನ ಫೋಟೊ ಜೋತಾಡತಿರ್ತೈತಿ.

ಒಂದ ವಿಷಯಕ್ಕ ಅವರು ಕಡೀತನಕ ಒಪ್ಪಲಿಲ್ಲ, ಬೆಳಿ ಹಾಳಾದ್ರ ಏನು ಅನ್ನೋದಕ್ಕ. ‘ಫೋರ್ಸ್ ಮೆಜೂರ್’ ಅನ್ನೋ ಸಾಲಿನಾಗ ಯುದ್ಧ, ಭೂಕಂಪ, ಪ್ರವಾಹ, ಮುಷ್ಕರ ಎಲ್ಲಾ ಇದ್ವು. ಮಳಿ ಕೈ ಕೊಡೋದು, ಹೂವಿಗೆ ಮಂಜು ಬೀಳೋದು, ಕಾಯಿಕೊರಕ ಹುಳ, ಸಿಡಿ ರೋಗ ಇರಲಿಲ್ಲ. ಬೆಂಗಳೂರಿನಾಗ ಕುಂತು ಬರೆದವರಿಗೆ ಅವು ಅನಾಹುತ ಅನಿಸಿಲ್ಲ. “ಬೆಳಿ ಹಾಳಾದ್ರ ಕರಾರು ಮುರದಂಗಲ್ಲ, ಹಾಳಾದದ್ದನ್ನ ಹಂಗ ತೋರಿಸಿದ್ರ ಅದೂ ಕೊಟ್ಟ ವಿಡಿಯೊ” ಅಂತ ನಾನು ಬರೆದು ಕಳಿಸಿದ್ದೆ. ಮೊದಲ ಅರ್ಧ ಒಪ್ಪಿದ್ರು, ಎರಡನೇ ಅರ್ಧ ಹೊಡೆದು ಹಾಕಿದ್ರು. ಅಂದ್ರ ಬೆಳಿ ಹೋದ್ರ ನನ್ನ ಮ್ಯಾಲೆ ದಂಡ ಇಲ್ಲ, ಆದ್ರ ಆ ಹಂತದ ರೊಕ್ಕನೂ ಇಲ್ಲ. ನಾಕು ದಿನ ವಿಚಾರ ಮಾಡಿದೆ. ಮುಂಗಡ 30 ಕೇಳಿದ್ದು 25ಕ್ಕ ನಿಂತಿತ್ತು, 15,000. ಸಿಂಪಡಿಸೋ ಹಂತದತನಕ ಬೆಳಿ ಬಂದ್ರ ಇನ್ನೊಂದು 18,000 ಕೈ ಸೇರತೈತಿ, 33,000 ಆತು. ಉಳಿದ 27,000 ಮಳಿ ಪಾಲು ಅಂತ ಲೆಕ್ಕ ಹಾಕಿ ಸಹಿ ಮಾಡಿದೆ. ಲಾವಣಿ ಹೊಲ ಮಾಡೋ ನಮಗ ಈ ಲೆಕ್ಕ ಹೊಸದಲ್ಲ.

ಕಾಗದ ಬಂದವರು ಯಾರರ ಇದ್ರ, ಕಂಪನಿ ಹೆಸರು ಮುಚ್ಚಿ, ಮೊದಲು ಆ ಮೂರು ಸಾಲಿನ ಫೋಟೊ ಕಳಸ್ರಿ: ಅಪ್ರೂವಲ್ಲಿಗೆ ಎಷ್ಟು ದಿನ, ರೊಕ್ಕ ಯಾವಾಗಿನಿಂದ ಎಣಿಸೋದು, ಬಿಟ್ರ ಏನು. ಕಡ್ಲಿ ಬಿತ್ತನಿ ಮುಗದ ಮ್ಯಾಲೆ ರಾತ್ರಿ ಕುಂತು ನೋಡಿ ಹೇಳ್ತೀನಿ.